ಡೊಂಬಿವಲಿಯಿಂದ ವಾಶಿಗೆ, ಸ್ಟೇಜು ಸ್ಟೇಜಾಗಿ

ಬೆಳಗ್ಗೆ ಏಳೂವರೆಗೆಲ್ಲ ಡೊಂಬಿವಲಿ ಪೂರ್ವದ ಸ್ಟೇಷನ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ವಡಾಪಾವ್ ಬಾಣಲೆಯ ಹೊಗೆ, ಇನ್ನೊಂದು ಕಡೆ ಉಡುಪಿ ಹೋಟೆಲಿನ ಮುಂದೆ ಇಡ್ಲಿ ಪಾರ್ಸೆಲಿಗೆ ನಿಂತವರ ಸಾಲು. ಅದರ ಪಕ್ಕದಲ್ಲೇ ಶೇರ್ ರಿಕ್ಷಾಗಳ ಸಾಲು. ಇವುಗಳ ನಡುವೆ ದಾರಿ ಮಾಡಿಕೊಂಡು ಬಂದ ಬಸ್ಸೊಂದು ಉಸ್ಸೆಂದು ನಿಂತಿತು. ಇಳಿಯುವವರ ಕೈಯಲ್ಲೆಲ್ಲ ಚೀಲ, ಟಿಫಿನ್ ಡಬ್ಬಿ, ಕಣ್ಣೆಲ್ಲ ಮೇಲುಸೇತುವೆಯ ಮೆಟ್ಟಿಲ ಮೇಲೆ. "ಸುಟ್ಟೆ ದ್ಯಾ, ಸುಟ್ಟೆ" ಎಂದು ಚಿಲ್ಲರೆ ಕೇಳುವ ಕಂಡಕ್ಟರನ ದನಿ ಬಾಗಿಲಿನಿಂದ ಇನ್ನೂ ಕೇಳುತ್ತಲೇ ಇತ್ತು.

ಕೊನೆಗೆ ಇಳಿದವರು ಇಬ್ಬರು ಕನ್ನಡಿಗರು. ಒಬ್ಬ ವಿಜಯಪುರದ ಕಡೆಯಿಂದ ಈಚೆಗೆ ಬಂದು ವಾಶಿಯ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗ. ಇನ್ನೊಬ್ಬರು ಕುಂದಾಪುರ ಕಡೆಯ ಹಿರಿಯರು, ಈ ಊರಿನಲ್ಲೇ ತಲೆ ನರೆಸಿಕೊಂಡವರು. ಹುಡುಗ ಟಿಕೆಟನ್ನು ಬೆಳಕಿಗೆ ಹಿಡಿದಿದ್ದ.

"ಅಲ್ರೀ ಮಾಮಾ, ನಾ ಹತ್ತಿ ಎರಡ ಸ್ಟಾಪ್ ಆತು ಅಷ್ಟ. ಎರಡ ಸ್ಟೇಜಿನ ರೊಕ್ಕ ಯಾಕ ತಗೊಂಡಾನ?"

"ನೀನು ಸ್ಟಾಪು ಎಣಿಸಿದೆ ಮಾರಾಯ, ಅವನು ಸ್ಟೇಜು ಎಣಿಸಿದ" ಎಂದರು ಹಿರಿಯರು.

ಹುಡುಗನ ಪ್ರಶ್ನೆ ಈ ಭಾಗದಲ್ಲಿ ದಿನವೂ ಬಸ್ಸು ಹತ್ತುವ ಯಾರಿಗಾದರೂ ಒಮ್ಮೆಯಾದರೂ ಎದ್ದಿರುತ್ತದೆ. ಎಲ್ಲ ನಿಲ್ದಾಣಗಳೂ ಸ್ಟೇಜಲ್ಲ. ಮಾರ್ಗದ ಉದ್ದಕ್ಕೂ ಇಷ್ಟಿಷ್ಟು ದೂರಕ್ಕೆ ಒಂದರಂತೆ ಕೆಲವೇ ನಿಲ್ದಾಣಗಳನ್ನು ಸ್ಟೇಜ್ ಎಂದು ಗುರುತಿಸಿರುತ್ತಾರೆ, ಅವುಗಳ ನಡುವಿನವು ಬರೀ ಸ್ಟಾಪುಗಳು. ನಡುವಿನ ಸ್ಟಾಪಿನಲ್ಲಿ ಹತ್ತಿದವನ ಲೆಕ್ಕ ಹಿಂದೆ ದಾಟಿಬಂದ ಸ್ಟೇಜಿನಿಂದ ಶುರುವಾಗುತ್ತದೆ. ನಡುವೆ ಇಳಿದರೆ ಮುಂದೆ ಬರುವ ಸ್ಟೇಜಿನವರೆಗೆ ಹಿಡಿಯುತ್ತಾರೆ. ಮೂರನೇ ಸ್ಟೇಜಿಗೆ ಒಂದು ಸ್ಟಾಪು ಹಿಂದೆ ಹತ್ತಿ, ಅದೇ ಸ್ಟೇಜಿನ ಒಂದು ಸ್ಟಾಪು ಆಚೆ ಇಳಿದರೆ, ಕೂತದ್ದು ಐದು ನಿಮಿಷವಾದರೂ ಟಿಕೆಟು ಎರಡನೇ ಸ್ಟೇಜಿನಿಂದ ನಾಲ್ಕನೆಯದರವರೆಗೆ ಆಗುತ್ತದೆ. ಅದೇ ಹುಡುಗ ಒಂದು ಸ್ಟಾಪಿನಷ್ಟು ಮುಂದಕ್ಕೆ ನಡೆದು ಮೂರನೇ ಸ್ಟೇಜಿನಲ್ಲೇ ಹತ್ತಿದ್ದರೆ ಒಂದೇ ಸ್ಟೇಜಿನ ದುಡ್ಡು ಸಾಕಿತ್ತು.

ಸ್ಟೇಜಿನ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನ ಬಿ.ಎಂ.ಟಿ.ಸಿ.ಯಲ್ಲಿ ಅದು ಎರಡು ಕಿಲೋಮೀಟರ್. ಮಹಾರಾಷ್ಟ್ರದ ಕೆಂಪು ಎಸ್.ಟಿ. ಬಸ್ಸಿನವರು ಅದನ್ನು ಟಪ್ಪಾ ಎನ್ನುತ್ತಾರೆ, ಅವರದು ಆರು ಕಿಲೋಮೀಟರ್. 2025ರ ಜನವರಿಯಲ್ಲಿ ಎಸ್.ಟಿ. ದರ ಏರಿಸಿದಾಗ ಸಾದಾ ಬಸ್ಸಿನ ಒಂದು ಟಪ್ಪಾಕ್ಕೆ 8.70 ರೂಪಾಯಿ ಇದ್ದದ್ದು 10.05 ಆಯಿತು. ಆದ್ದರಿಂದ ಕಲ್ಯಾಣದಲ್ಲಿ ನಿಂತವನ ಮುಂದೆ ಎಸ್.ಟಿ.ಯೂ ನಗರಪಾಲಿಕೆಯ ಬಸ್ಸೂ ಒಟ್ಟಿಗೆ ಬಂದರೆ, ದಾರಿ ಒಂದೇ ಇದ್ದರೂ ಲೆಕ್ಕ ಬೇರೆ.

ಟಿಕೆಟ್ ಯಂತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಸ್ಸು ಒಂದು ಸ್ಟೇಜ್ ದಾಟಿದಾಗ ಕಂಡಕ್ಟರ್ ಗುಂಡಿ ಒತ್ತಿ ಯಂತ್ರವನ್ನು ಮುಂದಿನ ಸ್ಟೇಜಿಗೆ ಸರಿಸಬೇಕು. ಕಿಕ್ಕಿರಿದ ಬಸ್ಸಿನಲ್ಲಿ ಅದು ಒಮ್ಮೊಮ್ಮೆ ಮರೆತುಹೋಗುತ್ತದೆ. ಆಗ ಸ್ಟೇಜಿನಲ್ಲೇ ಹತ್ತಿದವನಿಗೂ ಹಿಂದಿನ ಸ್ಟೇಜಿನ ಟಿಕೆಟೇ ಬರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: ಟಿಕೆಟಿನಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಅಚ್ಚಾಗಿರುವ ಎರಡು ಹೆಸರುಗಳಲ್ಲಿ ಮೊದಲನೆಯದನ್ನು ನೋಡಿದರಾಯಿತು. ನೀವು ಹತ್ತಿದ ಜಾಗ ಬಿಟ್ಟು ಬೇರೆ ಹೆಸರಿದ್ದರೆ, ನಿಮ್ಮ ಸ್ಟಾಪು ಸ್ಟೇಜಲ್ಲ, ಇಲ್ಲವೇ ಯಂತ್ರ ಇನ್ನೂ ಹಿಂದೆಯೇ ಉಳಿದಿದೆ. ಕೇಳಿದರೆ ಕಂಡಕ್ಟರೇ ಹೇಳುತ್ತಾನೆ. ಕೇಳುವುದಕ್ಕೆ ಸಂಕೋಚ ಬೇಡ.

ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಬಂದರೆ ಸ್ಟೇಜಿನ ಮಾತು ಮುಗಿಯಿತು. ಲೋಕಲ್ ರೈಲಿನಲ್ಲಿ ಲೆಕ್ಕವೆಲ್ಲ ಹಳಿಯ ಕಿಲೋಮೀಟರಿನದು, ಅದೂ ದೊಡ್ಡ ದೊಡ್ಡ ಹಂತಗಳಲ್ಲಿ. ಎರಡನೇ ದರ್ಜೆಯ ಕನಿಷ್ಠ ಟಿಕೆಟು 5 ರೂಪಾಯಿ, ಅದು ಹತ್ತು ಕಿಲೋಮೀಟರಿನವರೆಗೆ. ಅದರ ಮೇಲೆ 10, ಆಮೇಲೆ 15, ಹೀಗೆ ಐದೈದಾಗಿ ಏರುತ್ತದೆ. ಮುಂಬಯಿ ಸಿ.ಎಸ್.ಎಂ.ಟಿ.ಯಿಂದ ಡೊಂಬಿವಲಿ ಸುಮಾರು 48 ಕಿಲೋಮೀಟರ್, ಮುಂಬ್ರಾ 40, ಕಳವಾ 36. ಡೊಂಬಿವಲಿಯಲ್ಲಿ ಹತ್ತಿದವನಿಗೆ ಮುಂಬ್ರಾ ಎಂಟು ಕಿಲೋಮೀಟರ್ ಆಗುವುದರಿಂದ 5 ರೂಪಾಯಿಯ ಒಳಗೇ ಬರುತ್ತದೆ. ಕಳವಾ ಹನ್ನೆರಡು, ಹಾಗಾಗಿ ಅದು 10 ರೂಪಾಯಿಗೆ ಜಿಗಿಯುತ್ತದೆ. ಪಾರಸಿಕ ಗುಡ್ಡದ ಬದಿಯಲ್ಲಿ ಕೊಲ್ಲಿ ನೀರು ನೋಡುತ್ತಾ ಸಾಗುವ ಆ ಎರಡು ನಿಲ್ದಾಣಗಳ ನಡುವೆ ಎಲ್ಲೋ ದರದ ಗಡಿ ಇದೆ. ಅಲ್ಲಿ ಯಾವ ಹಲಗೆಯೂ ಇಲ್ಲ. ಆ ಗಡಿ ದಾಟಿದ ಮೇಲೆ ಮಾತ್ರ ಬಹುದೂರ ನೆಮ್ಮದಿ: ಠಾಣೆಗೂ ಅದೇ 10 ರೂಪಾಯಿ.

ಲಂಡನ್ನಿನಂಥ ನಗರಗಳಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಮಾಡಿದ್ದಾರೆ. ನಗರದ ನಕ್ಷೆಯ ಮೇಲೆ ನಡುವಿನಿಂದ ಹೊರಕ್ಕೆ ವಲಯಗಳನ್ನು ಎಳೆದು ಒಂದು, ಎರಡು, ಮೂರು ಎಂದು ಅಂಕೆ ಕೊಟ್ಟಿದ್ದಾರೆ. ರೈಲು ಹತ್ತಿದ ವಲಯ ಯಾವುದು, ಇಳಿದದ್ದು ಯಾವುದು ಎಂಬುದರ ಮೇಲೆ ದರ. ನಮ್ಮ ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹಾಗಿಲ್ಲ. ಜನ ಮಾತಿನಲ್ಲಿ ಝೋನ್ ಎಂದರೂ ಇಲ್ಲಿರುವುದು ಬಸ್ಸಿನ ಸ್ಟೇಜು ಮತ್ತು ರೈಲಿನ ಕಿಲೋಮೀಟರ್ ಹಂತ, ಎರಡೇ.

ಹುಡುಗ ಹೋಗಬೇಕಾದ್ದು ವಾಶಿಗೆ. ಠಾಣೆಯಲ್ಲಿ ಇಳಿದು, ಜನಪ್ರವಾಹದ ಜೊತೆಗೇ ಸೇತುವೆ ದಾಟಿ, ಟ್ರಾನ್ಸ್-ಹಾರ್ಬರ್ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿಗೆ ಓಡಬೇಕು. ಅಲ್ಲಿಂದ ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ ದಾಟಿ ವಾಶಿ. 2004ರ ನವೆಂಬರಿನಲ್ಲಿ ಪ್ರಯಾಣಿಕರಿಗೆ ತೆರೆದ ಈ ಮಾರ್ಗ ಬರುವ ಮೊದಲು ಡೊಂಬಿವಲಿಯವರು ರೈಲಿನಲ್ಲಿ ವಾಶಿಗೆ ಹೋಗಬೇಕಾದರೆ ಕುರ್ಲಾದವರೆಗೆ ಹೋಗಿ ಹಾರ್ಬರ್ ಗಾಡಿ ಹಿಡಿದು ಹಿಂದಿರುಗಬೇಕಿತ್ತು. ಠಾಣೆಯ ಮೂಲಕ ಸುಮಾರು 33 ಕಿಲೋಮೀಟರ್, ಕುರ್ಲಾದ ಮೂಲಕ ಸುಮಾರು 47.

ಗಾಡಿ ಬದಲಾಯಿಸಿದರೂ ರೈಲಿನಲ್ಲಿ ಲೆಕ್ಕ ಮೊದಲಿಂದ ಶುರುವಾಗುವುದಿಲ್ಲ. ಡೊಂಬಿವಲಿಯಿಂದ ವಾಶಿಗೆಂದೇ ಟಿಕೆಟು ತೆಗೆದರೆ ಇಡೀ ದೂರವನ್ನು ಒಂದೇ ಪಯಣವೆಂದು ಎಣಿಸುತ್ತಾರೆ. ಆದರೆ ಟಿಕೆಟಿನ ಮೇಲೆ ವಯಾ ಎಂದು ಅಚ್ಚಾಗಿರುವ ಊರನ್ನು ನೋಡಬೇಕು. ಠಾಣೆಯ ಮೂಲಕ ಎಂದು ತೆಗೆದ ಟಿಕೆಟಿನಲ್ಲಿ ಕುರ್ಲಾದ ಕಡೆಯಿಂದ ಸುತ್ತಿ ಹೋದರೆ ಅದು ಬೇರೆ ದಾರಿ, ಹೆಚ್ಚಿನ ದೂರ. ಟಿಕೆಟಿಲ್ಲದ ಪ್ರಯಾಣಕ್ಕಂತೂ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ ಬೀಳುತ್ತದೆ. ದೂರದ ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು: ನವಿ ಮುಂಬಯಿಯ ಹಳಿಗಳಿಗೆ ಸಿಡ್ಕೋ ಸಂಸ್ಥೆ ಮೂರರಲ್ಲಿ ಎರಡು ಪಾಲು ಹಣ ಹಾಕಿತ್ತು. ಆ ಹಣ ಮರಳಿ ಪಡೆಯಲು ಈ ಮಾರ್ಗಗಳ ಟಿಕೆಟಿನ ಮೇಲೆ ಸರ್‌ಚಾರ್ಜ್ ಹಾಕಿದ್ದರು. ಸಮಾನ ದೂರಕ್ಕೆ ಮುಖ್ಯ ಮಾರ್ಗಕ್ಕಿಂತ ನವಿ ಮುಂಬಯಿಯ ಟಿಕೆಟು ಹೆಚ್ಚೆಂಬ ಹಳೆಯ ದೂರಿನ ಬೇರು ಅಲ್ಲಿದೆ.

ದಿನವೂ ಓಡಾಡುವವನಿಗೆ ಟಿಕೆಟು ಬೇಡ, ಪಾಸು ಬೇಕು. ತಿಂಗಳ ಪಾಸಿನ ಬೆಲೆಗೆ ಒಂದು ದಾರಿಯ ಹದಿನೈದು ಪಯಣಗಳೇ ಆಧಾರ. ಹೋಗಿ ಬರುವುದು ಎರಡಾದ್ದರಿಂದ ಎಂಟು ದಿನ ಕೆಲಸಕ್ಕೆ ಹೋದರೆ ಪಾಸಿನ ಹಣ ಹುಟ್ಟಿತು, ಉಳಿದ ದಿನಗಳು ಲಾಭ. 2014ರ ಜೂನ್ 20ರಂದು ದರ ಏರಿಕೆ ಪ್ರಕಟಿಸಿದಾಗ ರೈಲ್ವೆ ಈ ಹದಿನೈದನ್ನು ಮೂವತ್ತು ಮಾಡಹೊರಟಿತ್ತು. ಪಾಸಿನ ಬೆಲೆ ಸರಿಸುಮಾರು ಇಮ್ಮಡಿಯಾಗುವುದರಲ್ಲಿತ್ತು. ಜನ ಸಿಟ್ಟಾದರು, ನಾಲ್ಕೇ ದಿನಕ್ಕೆ ಆ ಬದಲಾವಣೆಯನ್ನು ವಾಪಸು ಪಡೆಯಬೇಕಾಯಿತು. ಲೋಕಲನ್ನು ನಂಬಿದ ಮನೆಗಳ ತಿಂಗಳ ಖರ್ಚು ಇಂದಿಗೂ ಕೈಮೀರದಿರುವುದು ಆ ಹದಿನೈದರಿಂದ.

ವಾಶಿ ಸ್ಟೇಷನ್ನಿನಿಂದ ಹೊರಬಂದು ಮತ್ತೆ ಬಸ್ಸು ಹತ್ತಿದ ಕೂಡಲೇ ಮಾತ್ರ ಲೆಕ್ಕ ಒಂದನೇ ಸ್ಟೇಜಿನಿಂದ ಶುರು. ನಗರ ಬಸ್ಸಿನ ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಭಾಗ ಮೊದಲನೆಯದು, ದೂರ ಹೆಚ್ಚಾದಂತೆ ಕಿಲೋಮೀಟರಿಗೆ ಬೀಳುವ ಹಣ ಹೆಚ್ಚಾಗಿ ಕಡಿಮೆಯಾಗುತ್ತದೆ. ಠಾಣೆಗೂ ನವಿ ಮುಂಬಯಿಗೂ ಬರುವ ಬೆಸ್ಟ್ ಬಸ್ಸಿನ ಪಟ್ಟಿಯನ್ನೇ ನೋಡಿ. 2025ರ ಮೇ ತಿಂಗಳಿನಿಂದ ಎ.ಸಿ. ಇಲ್ಲದ ಬಸ್ಸಿನಲ್ಲಿ ಐದು ಕಿಲೋಮೀಟರಿನವರೆಗೆ 10 ರೂಪಾಯಿ, ಹತ್ತರವರೆಗೆ 15, ಹದಿನೈದರವರೆಗೆ 20. ಹನ್ನೆರಡು ಕಿಲೋಮೀಟರ್ ಒಂದೇ ಬಸ್ಸಿನಲ್ಲಿ ಹೋದವನು 20 ಕೊಡುತ್ತಾನೆ. ನೇರ ಬಸ್ಸಿಲ್ಲದೆ ನಡುವೆ ಇಳಿದು ಆರು ಆರು ಕಿಲೋಮೀಟರಿನ ಎರಡು ಬಸ್ಸು ಹಿಡಿದವನು ಹದಿನೈದರಂತೆ ಎರಡು ಸಲ, ಅಂದರೆ 30 ಕೊಡುತ್ತಾನೆ. ಇಬ್ಬರೂ ಹೋದದ್ದು ಅದೇ ಊರಿಗೆ. ಲಂಡನ್ನಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ದರ ಹಿಡಿಯುತ್ತಾರೆ. ಇಲ್ಲಿ ಬಸ್ಸು ಬದಲಿಸಬೇಕಾಗಿ ಬಂದದ್ದೇ ಪ್ರಯಾಣಿಕನಿಗೆ ದಂಡ, ಅದು ನ್ಯಾಯವಲ್ಲ.

ನಮ್ಮ ಹುಡುಗನ ದಾರಿಯಲ್ಲಿ ಇಂಥ ಶುರುವಾತು ಮೂರು: ಮನೆಯಿಂದ ಡೊಂಬಿವಲಿ ಸ್ಟೇಷನ್ನಿಗೆ ಒಂದು ಬಸ್ಸು, ನಡುವೆ ರೈಲು, ವಾಶಿಯಲ್ಲಿ ಎನ್.ಎಂ.ಎಂ.ಟಿ. ಬಸ್ಸು. ಪಾಸಿನ ಲೆಕ್ಕದಲ್ಲಿ ನೋಡಿದರೆ 33 ಕಿಲೋಮೀಟರಿನ ರೈಲಿಗಿಂತ ಎರಡು ತುದಿಗಳ ಪುಟ್ಟ ಬಸ್ಸಿನ ಪಯಣಗಳೇ ಸೇರಿ ಹೆಚ್ಚು ಹಣ ತಿನ್ನುತ್ತವೆ. ಹಿರಿಯರು ಅವನಿಗೆ ಇದನ್ನೇ ಬೆರಳು ಮಡಚಿ ತೋರಿಸಿದರು. "ಸ್ಟೇಷನ್ನಿಗೆ ನಡೆದು ಬಾ, ರೈಲಿಗೆ ಪಾಸ್ ಮಾಡಿಸು, ಆಚೆ ಕಡೆ ಬಸ್ಸು ಹತ್ತು. ಮಳೆ ಬಂದ ದಿನ ಬೇಕಿದ್ದರೆ ಎರಡೂ ಕಡೆ ಬಸ್ಸು" ಎಂದರು. ಶಿಳ್‌ಫಾಟಾ, ಮಹಾಪೆ ಮೂಲಕ ರಸ್ತೆಯಲ್ಲೇ ಸಾಗುವ ನೇರ ಬಸ್ಸಿನ ಮಾತೂ ಬಂತು. ಅದರಲ್ಲಿ ಎಣಿಕೆ ಒಂದೇ ಸಲ, ಆದರೆ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಹೊತ್ತು ಹೋಗುತ್ತದೆ.

2025ರ ಅಕ್ಟೋಬರಿನಲ್ಲಿ ಮುಂಬಯಿ ಒನ್ ಎಂಬ ಆ್ಯಪ್ ಬಂದಿದೆ. ಲೋಕಲ್, ಮೆಟ್ರೊ, ಬೆಸ್ಟ್, ಠಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿ ಮುಂಬಯಿಯ ನಗರ ಬಸ್ಸುಗಳು ಎಲ್ಲವೂ ಅದರೊಳಗೆ ಸೇರಿವೆ. ಕೌಂಟರಿನ ಸಾಲು ಇದರಿಂದ ತಪ್ಪಿದೆ, ಅದು ನಿಜವಾದ ಉಪಕಾರ. ಆದರೆ ಒಂದೇ ಕ್ಯೂಆರ್ ಕೋಡಿನೊಳಗೂ ಪ್ರತಿ ವಾಹನದ ದರ ಬೇರೆ ಬೇರೆಯಾಗಿಯೇ ಇದ್ದು, ಕೊನೆಗೆ ಎಲ್ಲವನ್ನೂ ಕೂಡಿಸಿ ತೋರಿಸುತ್ತದೆ. ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಯ ಪಾಲಿಕೆಗಳು ಕೂತು ಮಾತಾಡಬೇಕಾದ್ದು ಈ ಕೂಡಿಕೆಯ ಬಗ್ಗೆ. ಅಲ್ಲಿಯವರೆಗೆ ಕನಿಷ್ಠ ಪ್ರತಿ ನಿಲ್ದಾಣದಲ್ಲೂ ಆ ಮಾರ್ಗದ ಸ್ಟೇಜುಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಕಲಿ.