ಬ್ಯುರೆಟ್ ಮುಂದೆ ನಿಂತವರಿಗೆ ಬೇಕಾದ ಕನ್ನಡ

ನೀರಿನ ಗಡಸುತನ ಅಳೆಯುವುದು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪರಿಚಿತವಾದ ಪ್ರಯೋಗ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟು ಕರಗಿದೆ ಎಂಬುದನ್ನು ಇಡಿಟಿಎ ದ್ರಾವಣದ ನೆರವಿನಿಂದ ಕಂಡುಕೊಳ್ಳುವ ಟೈಟ್ರೇಷನ್ ಇದು. ಇಂಗ್ಲಿಷ್ ಕೈಪಿಡಿಯ ವಿಧಾನವನ್ನು ಪದಕ್ಕೆ ಪದ ಇಳಿಸಿದರೆ ಸಿಗುವ ಕನ್ನಡ ಹೆಚ್ಚುಕಡಿಮೆ ಹೀಗಿರುತ್ತದೆ:

“ತೊಳೆಯಲ್ಪಟ್ಟ ಬ್ಯುರೆಟ್ ಪ್ರಮಾಣಿತ ಇಡಿಟಿಎ ದ್ರಾವಣದಿಂದ ತುಂಬಲ್ಪಡಬೇಕು. ಕೋನಿಕಲ್ ಫ್ಲಾಸ್ಕ್‌ಗೆ ಪಿಪೆಟ್ ಮಾಡಲ್ಪಟ್ಟ 25 ಮಿ.ಲೀ. ಮಾದರಿ ನೀರಿಗೆ 2 ಮಿ.ಲೀ. ಬಫರ್ ಹಾಗೂ ಸೂಚಕವನ್ನು ಸೇರಿಸಿ, ದ್ರಾಕ್ಷಾರಸದ ಕೆಂಪು ಬಣ್ಣವು ನೀಲಿಗೆ ತಿರುಗುವವರೆಗೆ ಟೈಟ್ರೇಟ್ ಮಾಡಲ್ಪಡಬೇಕು.”

ವಿಷಯ ತಿಳಿದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೊದಲ ಸಲ ಬ್ಯುರೆಟ್ ಹಿಡಿದವರಿಗೆ ಮಾತ್ರ ಇದು ಯಾವುದನ್ನೂ ಹೇಳುವುದಿಲ್ಲ. ಬ್ಯುರೆಟ್ ತೊಳೆಯುವುದು ಯಾವುದರಿಂದ? 25 ಮಿ.ಲೀ.ನಷ್ಟೇ ಕರಾರುವಾಕ್ಕಾಗಿ ಆ 2 ಮಿ.ಲೀ. ಬಫರನ್ನೂ ಅಳೆಯಬೇಕೇ? ಕೆಂಪು ಹೋಗಿ ನೀಲಿ ಬರುವ ನಡುವೆ ಏನು ಕಾಣುತ್ತದೆ? ಕೈಪಿಡಿಯನ್ನು ಮತ್ತೆ ಬರೆಯುವವರು ಉತ್ತರಿಸಬೇಕಾದದ್ದು ಈ ಪ್ರಶ್ನೆಗಳಿಗೆ. ‘ಲ್ಪಡು’ಗಳನ್ನು ಕಿತ್ತು ‘ತುಂಬಿ’, ‘ಹಾಕಿ’ ಎಂದು ನೇರವಾಗಿ ಹೇಳುವುದು ಸುಲಭದ ಅರ್ಧ ಕೆಲಸ. ಬ್ಯುರೆಟ್, ಪಿಪೆಟ್, ಬಫರ್ ಎಂಬ ಹೆಸರುಗಳನ್ನು ಹಾಗೆಯೇ ಬಿಡುವುದು ಲೇಸು. ಕಪಾಟಿನಲ್ಲೂ ಬಾಟಲಿಯ ಚೀಟಿಯಲ್ಲೂ ಇರುವುದು ಅವೇ.

ಯಾವುದನ್ನು ಯಾವುದರಿಂದ ತೊಳೆಯಬೇಕು

ಹೊಸ ಬರಹದ ಮೊದಲ ಹೆಜ್ಜೆ ಹೀಗಿರಬಹುದು: “ಬ್ಯುರೆಟ್ಟನ್ನು ಮೊದಲು ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ. ಆಮೇಲೆ ಸ್ವಲ್ಪ ಇಡಿಟಿಎ ದ್ರಾವಣ ಹಾಕಿ, ಒಳಗೋಡೆಗೆಲ್ಲ ತಾಗುವಂತೆ ಆಡಿಸಿ ಚೆಲ್ಲಿ. ಪಿಪೆಟ್ಟನ್ನೂ ಹೀಗೆಯೇ ಮಾದರಿ ನೀರಿನಿಂದ ಆಡಿಸಿ ಚೆಲ್ಲಿ. ಕೋನಿಕಲ್ ಫ್ಲಾಸ್ಕನ್ನು ಡಿಸ್ಟಿಲ್ಡ್ ನೀರಿನಿಂದ ಮಾತ್ರ ತೊಳೆಯಿರಿ. ಮಾದರಿ ನೀರಿನಿಂದ ತೊಳೆಯಬೇಡಿ.”

ಇಷ್ಟಕ್ಕೇ ನಿಲ್ಲಿಸಿದರೆ ಇದು ಬಾಯಿಪಾಠದ ನಿಯಮವಾಗುತ್ತದೆ. ಕೆಳಗೆ ಎರಡು ಸಾಲಿನಲ್ಲಿ ಕಾರಣವನ್ನೂ ಕೊಡಬೇಕು. ಬ್ಯುರೆಟ್‌ನಲ್ಲಿ ನೀರು ಉಳಿದಿದ್ದರೆ ಇಡಿಟಿಎ ತೆಳುವಾಗಿ, ಬೇಕಾದದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಫ್ಲಾಸ್ಕ್‌ನಲ್ಲಿ ಡಿಸ್ಟಿಲ್ಡ್ ನೀರು ಉಳಿದಿದ್ದರೆ ತೊಂದರೆಯಿಲ್ಲ, ಏಕೆಂದರೆ ಪಿಪೆಟ್‌ನಿಂದ ಬಿದ್ದ 25 ಮಿ.ಲೀ.ಯಲ್ಲಿರುವ ಕ್ಯಾಲ್ಸಿಯಂ ಅದರಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅಲ್ಲಿ ಮಾದರಿ ನೀರೇ ಉಳಿದಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಇಡಿಟಿಎ 0.01 ಮೋಲಾರ್ ಇದ್ದಾಗ ಅದರ 1 ಮಿ.ಲೀ. ಎಂದರೆ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಗಡಸುತನ. 25 ಮಿ.ಲೀ. ನೀರಿಗೆ 9.3 ಮಿ.ಲೀ. ಇಡಿಟಿಎ ಹಿಡಿಯಿತು ಎಂದುಕೊಳ್ಳೋಣ. ಅಷ್ಟು ನೀರಿನಲ್ಲಿ ಇರುವುದು 9.3 ಮಿ.ಗ್ರಾಂ, ಲೀಟರಿಗೆ ಅದರ 40 ಪಟ್ಟು, ಅಂದರೆ 372 ಮಿ.ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 200. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡುತ್ತದೆ. ಈಗ ಫ್ಲಾಸ್ಕ್‌ನಲ್ಲಿ 1 ಮಿ.ಲೀ. ಮಾದರಿ ನೀರು ಮೊದಲೇ ಉಳಿದಿದ್ದರೆ 9.3ರ ಬದಲು ಸುಮಾರು 9.7 ಮಿ.ಲೀ. ಬೇಕಾಗುತ್ತದೆ, ಉತ್ತರ 388ರ ಹತ್ತಿರ ಹೋಗುತ್ತದೆ. ಬಫರ್ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹಾಗಾಗಿ “25 ಮಿ.ಲೀ. ನೀರನ್ನು ಪಿಪೆಟ್‌ನಿಂದ, 2 ಮಿ.ಲೀ. ಬಫರನ್ನು ಅಳತೆ ಜಾರಿನಿಂದ” ಎಂದು ಬರೆದರೆ, ಎಲ್ಲಿ ಬಿಗಿ ಬೇಕು, ಎಲ್ಲಿ ಅಂದಾಜು ಸಾಕು ಎಂಬುದು ತಾನಾಗಿ ತಿಳಿಯುತ್ತದೆ.

ಬಣ್ಣ ತಿರುಗುವ ಹೊತ್ತು

ದ್ರಾಕ್ಷಾರಸದ ಕೆಂಪನ್ನು ಹೆಚ್ಚಿನ ವಿದ್ಯಾರ್ಥಿಗಳು ನೋಡಿರುವುದಿಲ್ಲ. “ಬೀಟ್‌ರೂಟ್ ಬೇಯಿಸಿದ ನೀರಿನಂಥ ಕೆಂಪು” ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ನಡುವಿನ ಹಂತ. ಕೆಂಪು ಒಮ್ಮೆಲೇ ನೀಲಿಯಾಗುವುದಿಲ್ಲ, ನೇರಳೆಯನ್ನು ದಾಟಿ ಹೋಗುತ್ತದೆ. ಅಲ್ಲಿ ಕ್ರಿಯೆಯೂ ನಿಧಾನ. ಆದ್ದರಿಂದ ಹೊಸ ಬರಹ ಹೀಗೆ ಹೇಳಬೇಕು: “ನೇರಳೆ ಕಂಡ ಕೂಡಲೇ ಒಂದೊಂದೇ ಹನಿ ಬಿಡಿ. ಪ್ರತಿ ಹನಿಯ ನಂತರ ಫ್ಲಾಸ್ಕ್ ಅಲುಗಾಡಿಸುತ್ತಾ ಮೂರ್ನಾಲ್ಕು ಸೆಕೆಂಡು ಕಾಯಿರಿ. ಕೆಂಪಿನ ಕೊನೆಯ ಛಾಯೆ ಮಾಯವಾದ ಹನಿಯಲ್ಲಿ ನಿಲ್ಲಿಸಿ.” ಹಾಗೆಂದು ಉದ್ದಕ್ಕೂ ತಡಮಾಡುವಂತಿಲ್ಲ. ಬಫರ್ ಸೇರಿದ ಮೇಲೆ ನೀರು ಕ್ಷಾರೀಯವಾಗಿರುವುದರಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಹೊರಬೀಳಬಹುದು. ಐದು ನಿಮಿಷದೊಳಗೆ ಮುಗಿಸಬೇಕು.

ಏನಾದರೂ ಕೆಟ್ಟರೆ ಗುರುತಿಸುವುದು ಹೇಗೆ ಎಂಬುದಕ್ಕೂ ಜಾಗ ಬೇಕು. ನೀಲಿ ಸ್ಪಷ್ಟವಾಗಿ ನಿಲ್ಲುತ್ತಿಲ್ಲ ಎಂದರೆ ಮೊದಲು ಬಫರ್ ಹಾಕಿದ್ದೀರಾ ನೋಡಿ, ಅದು ಪಿಎಚ್ ಅನ್ನು 10ರ ಆಸುಪಾಸಿನಲ್ಲಿ ಹಿಡಿದಿಡದಿದ್ದರೆ ಸೂಚಕ ಸರಿಯಾಗಿ ಕೆಲಸ ಮಾಡದು. ಬಫರ್ ಇದ್ದರೂ ಬಣ್ಣ ಮಂಕಾಗಿದ್ದರೆ ಸೂಚಕದ ದ್ರಾವಣ ಹಳತಾಗಿರಬಹುದು. ಎರಡು ಸಲದ ರೀಡಿಂಗ್ ನಡುವೆ 0.1 ಮಿ.ಲೀ.ಗಿಂತ ಹೆಚ್ಚು ಅಂತರ ಬಂದರೆ ಸರಾಸರಿ ತೆಗೆಯದೆ ಇನ್ನೊಮ್ಮೆ ಮಾಡಬೇಕು. ಬ್ಯುರೆಟ್ ತುದಿಯಲ್ಲಿ ಮೊದಲು ಗಾಳಿಗುಳ್ಳೆ ಇದ್ದು ನಡುವೆ ಹೊರಟುಹೋಗಿದ್ದರೂ ಇಂಥ ಅಂತರ ಬರುತ್ತದೆ.

ಎಚ್ಚರಿಕೆ ಎಲ್ಲಿರಬೇಕು

ಸುರಕ್ಷತಾ ನಿಯಮಗಳೆಲ್ಲ ಕೈಪಿಡಿಯ ಮೊದಲ ಪುಟದಲ್ಲಿ ಸಾಲಾಗಿ ಕೂತಿರುತ್ತವೆ. ಆದರೆ ಅಪಾಯ ಎದುರಾಗುವುದು ಒಳಪುಟದ ಯಾವುದೋ ಒಂದು ಹೆಜ್ಜೆಯಲ್ಲಿ. ಈ ಬಫರ್‌ನಲ್ಲಿ ಅಮೋನಿಯಾ ಇದೆ, ಅದರ ಘಾಟು ಕಣ್ಣು ಮೂಗು ಉರಿಸುತ್ತದೆ. “ಬಫರ್ ಹಾಕಿ. ಎಚ್ಚರಿಕೆ: ಮೂಸಬೇಡಿ” ಎಂದು ಬರೆದರೆ, ಎಚ್ಚರಿಕೆ ಓದುವ ಹೊತ್ತಿಗೆ ಮುಚ್ಚಳ ತೆಗೆದಾಗಿರುತ್ತದೆ. ಕೈ ಮಾಡುವ ಕ್ರಮದಲ್ಲಿಯೇ ಮಾತೂ ಸಾಗಬೇಕು: “ಕನ್ನಡಕ ಹಾಕಿಕೊಳ್ಳಿ. ಫ್ಯೂಮ್ ಹುಡ್ ಅಥವಾ ತೆರೆದ ಕಿಟಕಿಯ ಬಳಿ ನಿಂತು, ಮುಖ ದೂರ ಇಟ್ಟು ಬಫರ್ ಬಾಟಲಿ ತೆರೆಯಿರಿ. 2 ಮಿ.ಲೀ. ತೆಗೆದುಕೊಂಡ ತಕ್ಷಣ ಮುಚ್ಚಿ. ಕಣ್ಣಿಗೆ ಸಿಡಿದರೆ ಕೂಡಲೇ ನಲ್ಲಿಯ ಕೆಳಗೆ 15 ನಿಮಿಷ ತೊಳೆಯಿರಿ, ಅಧ್ಯಾಪಕರನ್ನು ಕೂಗಿ ಕರೆಯಿರಿ.”

ಗಾಢ ಆಮ್ಲ ತೆಳುಮಾಡುವ ನಿಯಮಕ್ಕೂ ಇದೇ ಪರೀಕ್ಷೆ. “ಆಮ್ಲವನ್ನು ನೀರಿಗೆ ಸೇರಿಸಿ, ನೀರನ್ನು ಆಮ್ಲಕ್ಕಲ್ಲ” ಎಂಬುದು ಸರಿಯಾದ ವಾಕ್ಯವೇ. ಅವಸರದಲ್ಲಿ ಓದಿದವರು ಮಾತ್ರ ಮೊದಲು ಕಂಡ ಆಮ್ಲವನ್ನೇ ಮೊದಲು ಬೀಕರಿಗೆ ಸುರಿದುಕೊಳ್ಳಬಹುದು. ಆಮೇಲೆ ನೀರು ಬಿದ್ದರೆ ಹುಟ್ಟುವ ಬಿಸಿಗೆ ಆಮ್ಲ ಮುಖಕ್ಕೆ ಸಿಡಿಯುತ್ತದೆ. “ಮೊದಲು ಬೀಕರಿಗೆ ನೀರು ಹಾಕಿ. ನಂತರ ಆ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ, ಕಲಕುತ್ತಾ ಬಿಡಿ” ಎಂದರೆ ಓದುವ ಕ್ರಮವೂ ಮಾಡುವ ಕ್ರಮವೂ ಒಂದೇ ಆಗುತ್ತದೆ. ಪಿಪೆಟ್‌ನ ವಿಷಯದಲ್ಲೂ ‘ಬಾಯಿಂದ ಎಳೆಯಬೇಡಿ’ ಎಂಬಷ್ಟೇ ಸಾಲದು. ರಬ್ಬರ್ ಬಲ್ಬ್ ಬಳಸಿ ಎನ್ನುವುದರ ಜತೆಗೆ, ಬಲ್ಬ್ ಸಿಕ್ಕಿಸುವಾಗ ಗಾಜನ್ನು ಮೇಲ್ತುದಿಯ ಹತ್ತಿರವೇ ಹಿಡಿಯಿರಿ ಎಂದೂ ಹೇಳಬೇಕು. ನಡುವೆ ಹಿಡಿದು ಒತ್ತಿದರೆ ಪಿಪೆಟ್ ಮುರಿದು ಅಂಗೈಗೆ ಚುಚ್ಚುತ್ತದೆ.

ಬರೆದು ತೀರದ ಸಂಗತಿಯೂ ಒಂದಿದೆ. ಎಷ್ಟು ನೀಲಿಯಾದರೆ ನೀಲಿ ಎಂಬುದನ್ನು ಪದಗಳು ತೋರಿಸಲಾರವು. ಅದಕ್ಕೆ, ಇಡಿಟಿಎ ಒಂದೆರಡು ಹನಿ ಹೆಚ್ಚಾಗಿಯೇ ಬಿದ್ದ ಫ್ಲಾಸ್ಕ್ ಒಂದನ್ನು ಬಿಳಿ ಹೆಂಚಿನ ಮೇಲೆ ಪಕ್ಕಕ್ಕಿಟ್ಟು, ಹೋಲಿಸಿ ನೋಡಲು ಹೇಳಬೇಕು. ಉಳಿದದ್ದನ್ನು ಪರೀಕ್ಷಿಸುವ ದಾರಿ ಸರಳ: ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಲಿ, ಇನ್ನೊಬ್ಬಳು ಕೇಳಿದ್ದನ್ನಷ್ಟೇ ಮಾಡಲಿ. ಅವಳು ನಿಂತು “ಯಾವುದರಿಂದ?”, “ಎಷ್ಟು?” ಎಂದು ಕೇಳಿದ ಕಡೆಯಲ್ಲೆಲ್ಲ ಗೆರೆ ಎಳೆದು, ಆ ವಾಕ್ಯಗಳನ್ನು ಅಚ್ಚಿಗೆ ಕೊಡುವ ಮೊದಲೇ ತಿದ್ದಬೇಕು.