ಚರಂಡಿಯ ಅರ್ಜಿ: ನಾವು ಬರೆಯುವುದೇನು, ಇರುವುದೇನು?

‘ನಮ್ಮ ಬೀದಿಯ ಚರಂಡಿ ತುಂಬಿ ಗಬ್ಬು ನಾರುತ್ತಿದೆ. ಅದರಲ್ಲಿ ಹುಟ್ಟುವ ಸೊಳ್ಳೆಗಳಿಂದ ಡೆಂಗಿ ಹರಡುವ ಭೀತಿ ಇದೆ. ಮಳೆ ಬಂದರೆ ಕೊಳಚೆ ಅಂಗಳಕ್ಕೆ ನುಗ್ಗುತ್ತದೆ. ಕೂಡಲೇ ಫಾಗಿಂಗ್ ಮಾಡಿಸಿ, ಪೌರಕಾರ್ಮಿಕರನ್ನು ಇಳಿಸಿ ಸ್ವಚ್ಛಗೊಳಿಸಿ, ಚರಂಡಿ ಅಗಲ ಮಾಡಿಸಬೇಕೆಂದು ವಿನಂತಿ.’

ಮುಂಗಾರಿಗೆ ಮುಂಚೆ ಯಾವ ಪುರಸಭೆಯ ಟಪಾಲು ವಿಭಾಗಕ್ಕೆ ಹೋದರೂ ಇಂಥ ಅರ್ಜಿ ಸಿಗುತ್ತದೆ. ಬರೆದವರ ಕಷ್ಟ ನಿಜ. ಆದರೆ ಈ ನಾಲ್ಕು ಸಾಲಿನೊಳಗೆ ನಾಲ್ಕು ತಪ್ಪು ಕಲ್ಪನೆಗಳಿವೆ. ಅರ್ಜಿ ಕೊಟ್ಟ ಮೇಲೆ ಐದನೆಯದೂ ಒಂದು ಎದುರಾಗುತ್ತದೆ. ಇವು ಬರೀ ಮಾಹಿತಿಯ ದೋಷಗಳಲ್ಲ. ಕೆಲಸ ಮಾಡದೆಯೇ ಅರ್ಜಿಯನ್ನು ವಿಲೇವಾರಿ ಮಾಡಲು ಕಚೇರಿಗೆ ದಾರಿ ಮಾಡಿಕೊಡುವುದೂ ಇವೇ.

ನಂಬಿಕೆ 1: ಚರಂಡಿ ಸೊಳ್ಳೆಯಿಂದ ಡೆಂಗಿ ಬರುತ್ತದೆ

ವಾಸ್ತವ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಮುಖ್ಯವಾಗಿ ತಿಳಿನೀರಿನಲ್ಲಿ. ಮನೆಯ ಡ್ರಮ್ಮು, ಮುಚ್ಚಳವಿಲ್ಲದ ಸಂಪು, ಹಳೆಯ ಟೈರು, ಎಸೆದ ಎಳನೀರಿನ ಬುರುಡೆ ಇದಕ್ಕೆ ಇಷ್ಟ. ಅದು ಕಚ್ಚುವುದು ಹಗಲು ಹೊತ್ತು. ಕೊಳೆತ ಚರಂಡಿ ನೀರಿನಲ್ಲಿ ಬೆಳೆಯುವುದು ಕ್ಯೂಲೆಕ್ಸ್ ಎಂಬ ಬೇರೆ ಜಾತಿ. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಟ್ಟುತ್ತ ನಿದ್ದೆ ಕೆಡಿಸುವುದು ಬಹುಮಟ್ಟಿಗೆ ಇದೇ. ಆನೆಕಾಲು ರೋಗದ ಹುಳುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದೂ ಇದೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಈ ರೋಗದ ಪರಿಚಯ ಹೇಳಿಕೊಡಬೇಕಿಲ್ಲ.

ಅರ್ಜಿಯಲ್ಲಿ ‘ಡೆಂಗಿ’ ಎಂದು ಬರೆದರೆ ಏನಾಗುತ್ತದೆ? ಕಚೇರಿ ನಿಯಮದಂತೆಯೇ ನಡೆಯುತ್ತದೆ. ಸಿಬ್ಬಂದಿ ಬಂದು ನಿಮ್ಮ ಮನೆಯ ಡ್ರಮ್ಮು, ಹೂಕುಂಡದ ತಟ್ಟೆ ನೋಡಿ, ‘ಲಾರ್ವಾ ಸಮೀಕ್ಷೆ ಮಾಡಲಾಗಿದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಡೆಂಗಿ ತಡೆಗೆ ಅದು ಸರಿಯಾದ ಕ್ರಮವೇ. ಚರಂಡಿ ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಾಗಿ ರೋಗದ ಹೆಸರಿಗಿಂತ ಕಂಡದ್ದನ್ನು ಬರೆಯುವುದು ಮೇಲು. ಉದ್ದ ಹಿಡಿಯ ಬಿಳಿ ಸೌಟಿನಿಂದ ಚರಂಡಿಯ ಅಂಚಿನ ನಿಂತ ನೀರನ್ನು ಮೆಲ್ಲಗೆ ಮೊಗೆದು, ಅಲುಗಿಸದೆ ಅರ್ಧ ನಿಮಿಷ ಹಿಡಿದುಕೊಳ್ಳಿ. ತಲೆ ಕೆಳಗೆ, ಬಾಲದ ಉಸಿರುಕೊಳವೆ ಮೇಲೆ ಮಾಡಿಕೊಂಡು ಓರೆಯಾಗಿ ತೂಗುಬಿದ್ದ ಹುಳುಗಳು ಕಂಡರೆ, ಸೌಟು ಅಲುಗಿಸಿದ ಕೂಡಲೇ ಅವು ನುಲಿಯುತ್ತ ತಳಕ್ಕೆ ಇಳಿದರೆ, ಅವು ಸೊಳ್ಳೆ ಮರಿಗಳು. ಫೋಟೊ ತೆಗೆದು, ದಿನಾಂಕ ಬರೆದು ಅರ್ಜಿಗೆ ಲಗತ್ತಿಸಿ.

ನಂಬಿಕೆ 2: ಫಾಗಿಂಗ್ ಮಾಡಿದರೆ ಸೊಳ್ಳೆ ಹೋಗುತ್ತದೆ

ವಾಸ್ತವ: ಹೊಗೆ ತಾಗಿ ಸಾಯುವುದು ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಮಂಚದ ಕೆಳಗೆ, ಪರದೆಯ ಹಿಂದೆ ಕುಳಿತದ್ದಕ್ಕೆ ಏನೂ ಆಗದು. ನೀರಿನೊಳಗಿನ ಮರಿಗಳನ್ನಂತೂ ಹೊಗೆ ಮುಟ್ಟುವುದೇ ಇಲ್ಲ. ಒಂದು ಕ್ಯೂಲೆಕ್ಸ್ ಹೆಣ್ಣು ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒಟ್ಟಿಗೆ ಅಂಟಿಸಿ ನೀರಿನ ಮೇಲೆ ತೇಲಿಬಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ಅವು ರೆಕ್ಕೆ ಬಲಿತು ಹಾರಲು ವಾರದಿಂದ ಹತ್ತು ದಿನ ಸಾಕು. ಇವತ್ತು ಹೊಗೆ ಹಾಕಿದರೂ ನಾಳೆ ಬೆಳಗ್ಗೆ ಹೊಸ ತಂಡ ಏಳುತ್ತದೆ. ಊರಿನಲ್ಲಿ ರೋಗ ಭುಗಿಲೆದ್ದಾಗ ಸೋಂಕು ಹೊತ್ತ ಸೊಳ್ಳೆಗಳನ್ನು ತುರ್ತಾಗಿ ಕಡಿಮೆ ಮಾಡಲು ಫಾಗಿಂಗ್ ಇರುವುದೇ ಹೊರತು ಚರಂಡಿಗೆ ಅದು ಮದ್ದಲ್ಲ.

ಕೇಳಬೇಕಾದದ್ದು ನೀರಿಗೆ ಸಿಂಪಡಿಸುವ ಲಾರ್ವಾನಾಶಕವನ್ನು, ಅದೂ ವಾರಕ್ಕೊಮ್ಮೆ. ಮರಿ ಬಲಿಯುವ ಅವಧಿಗಿಂತ ಸಿಂಪಡಣೆಯ ಅಂತರ ಉದ್ದವಾದರೆ ಒಂದು ತಲೆಮಾರು ತಪ್ಪಿಸಿಕೊಳ್ಳುತ್ತದೆ. ಇದಕ್ಕೂ ಮಿತಿ ಇದೆ. ದಪ್ಪ ಹೂಳು, ಪ್ಲಾಸ್ಟಿಕ್ಕು, ಚಪ್ಪಡಿ ಮುಚ್ಚಿದ ಜಾಗಗಳಿಗೆ ಔಷಧ ಸರಿಯಾಗಿ ತಲುಪುವುದಿಲ್ಲ. ನಿಜವಾದ ಪರಿಹಾರವೆಂದರೆ ನೀರು ಹರಿಯುವಂತೆ ಮಾಡುವುದು. ಸರಾಗವಾಗಿ ಹರಿಯುವ ಚರಂಡಿಯಲ್ಲಿ ಈ ಸೊಳ್ಳೆ ಮರಿ ಮಾಡಲಾರದು.

ನಂಬಿಕೆ 3: ಚರಂಡಿ ಕಿರಿದಾದ್ದರಿಂದ ಉಕ್ಕುತ್ತದೆ

ವಾಸ್ತವ: ಹೆಚ್ಚಿನ ಕಡೆ ಚರಂಡಿಯ ಅಳತೆ ಸಾಕಷ್ಟಿರುತ್ತದೆ. ಅದು ಕಟ್ಟಿದಾಗ ಇದ್ದಂತೆ ಉಳಿದಿರುವುದಿಲ್ಲ, ಅಷ್ಟೇ. 45 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಒಂದು ಕಾಂಕ್ರೀಟ್ ಚರಂಡಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರಲ್ಲಿ ಅರ್ಧ ಆಳ, ಅಂದರೆ 30 ಸೆಂಟಿಮೀಟರ್ ಹೂಳು ಕೂತಿದೆ ಎನ್ನಿ. ಜಾಗ ಅರ್ಧವಾಯಿತು. ಆದರೆ ಹರಿಯುವ ನೀರು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಏಕೆಂದರೆ ಇರುವ ನೀರಿನಲ್ಲಿ ಹೆಚ್ಚಿನ ಪಾಲು ತಳಕ್ಕೂ ಗೋಡೆಗೂ ಉಜ್ಜಿಕೊಂಡು ನಿಧಾನವಾಗುತ್ತದೆ. ಎಂಜಿನಿಯರುಗಳು ಬಳಸುವ ಸೂತ್ರದಂತೆ ಲೆಕ್ಕ ಹಾಕಿದರೆ ಮೊದಲಿನ ಸುಮಾರು ಶೇ 43ರಷ್ಟು ನೀರು ಮಾತ್ರ ಸಾಗುತ್ತದೆ.

ಇದಕ್ಕಿಂತ ದೊಡ್ಡ ತಡೆ ನಮ್ಮ ಗೇಟಿನ ಮುಂದೆಯೇ ಇರುತ್ತದೆ. ಕಾರು, ಬೈಕು ಒಳಗೆ ಬರಲೆಂದು ಚರಂಡಿಯ ಮೇಲೆ ರ‍್ಯಾಂಪ್ ಹಾಕಿಸುವಾಗ ಮೇಸ್ತ್ರಿ ಕೆಳಗೊಂದು ಪೈಪು ಕೂರಿಸಿ ಸುತ್ತ ಕಾಂಕ್ರೀಟ್ ಸುರಿಯುತ್ತಾನೆ. 30 ಸೆಂಟಿಮೀಟರ್ ವ್ಯಾಸದ ಪೈಪಿನ ಬಾಯಿ ಈ ಚರಂಡಿಯ ಬಾಯಿಯ ಕಾಲುಭಾಗದಷ್ಟು. ಉಳಿದ ಬೀದಿಯಲ್ಲಿ ಚರಂಡಿ ಎಷ್ಟು ಅಗಲವಿದ್ದರೂ ಆ ಗೇಟಿನಿಂದ ಮುಂದಕ್ಕೆ ಹೋಗುವುದು ಪೈಪು ಬಿಟ್ಟಷ್ಟೇ ನೀರು. ಒಂದು ಚೀಲ ಸಿಕ್ಕಿಕೊಂಡರೆ ಅದೂ ಇಲ್ಲ.

ಹೀಗಿರುವಾಗ ‘ಅಗಲ ಮಾಡಿಸಿ’ ಎಂದು ಬರೆದರೆ ಅರ್ಜಿ ಎಂಜಿನಿಯರಿಂಗ್ ಶಾಖೆಗೆ ಹೋಗಿ, ಅಂದಾಜುಪಟ್ಟಿ, ಕ್ರಿಯಾಯೋಜನೆ, ಅನುದಾನ ಎಂದು ಮುಂದಿನ ವರ್ಷಕ್ಕೆ ಜಾರುತ್ತದೆ. ಹೂಳು ತೆಗೆಸುವುದು ಆರೋಗ್ಯ ಶಾಖೆಯ ಎಂದಿನ ಕೆಲಸ. ಅದಕ್ಕೆ ಅಷ್ಟು ಕಾಯಬೇಕಿಲ್ಲ.

ಉಕ್ಕುವ ಕಾರಣ ಪತ್ತೆ ಮಾಡುವುದು ಸುಲಭ. ಒಂದು ನೇರ ಕೋಲನ್ನು ಹೂಳಿನ ಮೇಲ್ಮೈಗೆ ತಾಗಿಸಿ ಗುರುತು ಹಾಕಿ, ಆಮೇಲೆ ಗಟ್ಟಿ ತಳ ಸಿಗುವವರೆಗೆ ಒತ್ತಿ ಮತ್ತೊಂದು ಗುರುತು ಹಾಕಿ. ಎರಡರ ನಡುವಿನ ಅಂತರವೇ ಹೂಳಿನ ಎತ್ತರ. ಗೇಟಿನ ಪೈಪಿನ ಮೇಲ್ಬದಿ ನೀರು ಏರಿದ್ದು, ಕೆಳಬದಿ ಇಳಿದಿದ್ದರೆ ಕಟ್ಟಿರುವುದು ಅಲ್ಲೇ. ಎರಡೂ ಬದಿ ಒಂದೇ ಮಟ್ಟದಲ್ಲಿ ನಿಂತಿದ್ದರೆ ತಡೆ ಇನ್ನೂ ಮುಂದಿದೆ, ಇಲ್ಲವೇ ಚರಂಡಿಯ ಇಳಿಜಾರೇ ಕೆಟ್ಟಿದೆ.

ನಂಬಿಕೆ 4: ಪೌರಕಾರ್ಮಿಕರನ್ನು ಇಳಿಸಿದರೆ ಕೆಲಸ ಬೇಗ ಆಗುತ್ತದೆ

ವಾಸ್ತವ: ಎಷ್ಟೋ ಬೀದಿಗಳಲ್ಲಿ ಮಳೆನೀರಿನ ಚರಂಡಿಗೆ ಶೌಚಾಲಯದ ಪೈಪುಗಳನ್ನು ಗುಟ್ಟಾಗಿ ಜೋಡಿಸಿರುತ್ತಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಬರೀ ಶೌಚಗುಂಡಿಗೆ ಸೀಮಿತವಲ್ಲ. ಅನೈರ್ಮಲ್ಯ ಶೌಚಾಲಯದ ಮಲ ಬಂದು ಸೇರುವ ತೆರೆದ ಚರಂಡಿಯನ್ನು ಕೈಯಿಂದ ಬಳಿಸುವುದೂ ಅದರ ವ್ಯಾಪ್ತಿಗೆ ಬರುತ್ತದೆ. ‘ಆಳು ಇಳಿಸಿ’ ಎಂದು ಬರೆಯುವವರು ತಮಗೆ ಅರಿವಿಲ್ಲದೆ ಕಾನೂನು ಮುರಿಯಲು ಕೇಳುತ್ತಿರುತ್ತಾರೆ. ‘ಯಂತ್ರದಿಂದ ತೆಗೆಸಿ’ ಎಂದು ಬರೆಯಿರಿ. ಶೌಚದ ಪೈಪು ಸೇರಿದ್ದು ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಬರೆಯಿರಿ. ಪೈಪು ತಪ್ಪಿಸದೆ ಹೂಳು ಮಾತ್ರ ಎತ್ತಿದರೆ ಕೊಳಚೆ ಮತ್ತೆ ನಿಲ್ಲುತ್ತದೆ.

ನಂಬಿಕೆ 5: ಅನುದಾನವಿಲ್ಲ ಎಂದರೆ ಅಲ್ಲಿಗೆ ಮುಗಿಯಿತು

ವಾಸ್ತವ: ಈ ಉತ್ತರವನ್ನು ಸುಪ್ರೀಂ ಕೋರ್ಟ್ 1980ರಲ್ಲೇ ತಳ್ಳಿಹಾಕಿದೆ. ಮಧ್ಯಪ್ರದೇಶದ ರತ್ಲಾಂ ಊರಿನ ನ್ಯೂ ರೋಡ್ ನಿವಾಸಿಗಳು ತೆರೆದ ಚರಂಡಿ, ದುರ್ನಾತ, ಸೊಳ್ಳೆ ಕಾಟದ ಬಗ್ಗೆ ಮ್ಯಾಜಿಸ್ಟ್ರೇಟರ ಮೊರೆ ಹೋಗಿದ್ದರು. ಆರು ತಿಂಗಳೊಳಗೆ ಯೋಜನೆ ಸಿದ್ಧಪಡಿಸಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ರದ್ದು ಮಾಡಿತು, ಹೈಕೋರ್ಟ್ ಮತ್ತೆ ಎತ್ತಿಹಿಡಿಯಿತು. ಕೈಯಲ್ಲಿ ಹಣವಿಲ್ಲ ಎಂದು ಮುನಿಸಿಪಾಲಿಟಿ ದೆಹಲಿಗೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಒಪ್ಪಲಿಲ್ಲ. ಶಾಸನ ಹೊರಿಸಿದ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗದು ಎಂಬುದು ಆ ತೀರ್ಪಿನ ತಿರುಳು.

ಅಂದು ನಿವಾಸಿಗಳು ಹಿಡಿದದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. ಇಂದು ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿದೆ. ಅದರಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಆದರೆ ಅಲ್ಲಿಗೆ ಹೋಗುವಾಗ, ಪುರಸಭೆಗೆ ಮೊದಲೇ ತಿಳಿಸಿದ್ದೆವು ಎಂಬುದಕ್ಕೆ ಕೈಯಲ್ಲಿ ದಾಖಲೆ ಇದ್ದರೆ ಬಲ ಹೆಚ್ಚು.

ಹಾಗಾದರೆ ಅರ್ಜಿ ಹೇಗಿರಬೇಕು?

ಅದೇ ಬೀದಿ, ಅದೇ ಕಷ್ಟ. ತಿದ್ದಿ ಬರೆದರೆ ಹೀಗಾಗುತ್ತದೆ:

ಇವರಿಗೆ,
ಮುಖ್ಯಾಧಿಕಾರಿಗಳು, ಪುರಸಭೆ ಕಾರ್ಯಾಲಯ

ವಿಷಯ: ನಮ್ಮ ಬೀದಿಯ ತೆರೆದ ಚರಂಡಿಯಲ್ಲಿ ನೀರು ನಿಂತು ಸೊಳ್ಳೆ ಉತ್ಪತ್ತಿಯಾಗುತ್ತಿರುವ ಹಾಗೂ ಮಳೆಗೆ ಉಕ್ಕುತ್ತಿರುವ ಬಗ್ಗೆ

ಮಾನ್ಯರೇ,

ಗುಡಿಯ ಮೂಲೆಯಿಂದ ದೊಡ್ಡ ಮೋರಿಯವರೆಗಿನ 120 ಮೀಟರ್ ಚರಂಡಿಯಲ್ಲಿ (ಅಗಲ 45 ಸೆಂ.ಮೀ., ಆಳ 60 ಸೆಂ.ಮೀ.) ಮೂರು ಕಡೆ ಅಳೆದು ನೋಡಲಾಗಿ ಸರಾಸರಿ 30 ಸೆಂ.ಮೀ. ಹೂಳು ಇದೆ. ನಿಂತ ನೀರಿನಲ್ಲಿ ಸೊಳ್ಳೆ ಮರಿಗಳಿವೆ. ನಾಲ್ಕು ಗೇಟುಗಳ ಕೆಳಗೆ ಕಿರಿದಾದ ಪೈಪುಗಳಿದ್ದು, ಎರಡನೆಯ ಗೇಟಿನ ಬಳಿ ನೀರು ಕಟ್ಟಿಕೊಂಡು ರಸ್ತೆಗೆ ಬರುತ್ತಿದೆ. ಎರಡು ಕಡೆ ಶೌಚದ ನೀರೂ ಚರಂಡಿಗೆ ಸೇರುತ್ತಿರುವಂತೆ ಕಾಣುತ್ತದೆ. ಫೋಟೊಗಳನ್ನು ಲಗತ್ತಿಸಿದೆ.

ಆರೋಗ್ಯ ಶಾಖೆಯಿಂದ: ಚಪ್ಪಡಿಗಳ ಕೆಳಗೂ ಸೇರಿದಂತೆ ಯಂತ್ರದಿಂದ ಹೂಳು ತೆಗೆಸಿ, ದಡದಲ್ಲಿ ಬಿಡದೆ ಸಾಗಿಸುವುದು, ನೀರು ಹರಿಯುವವರೆಗೆ ವಾರಕ್ಕೊಮ್ಮೆ ಲಾರ್ವಾನಾಶಕ ಸಿಂಪಡಿಸುವುದು, ಶೌಚದ ಪೈಪುಗಳನ್ನು ಪರಿಶೀಲಿಸಿ ನೋಟಿಸ್ ಕೊಡುವುದು.

ಎಂಜಿನಿಯರಿಂಗ್ ಶಾಖೆಯಿಂದ: ಪೈಪುಗಳನ್ನು ತೆಗೆಸಿ, ಚರಂಡಿಯ ಪೂರ್ಣ ಅಗಲ ಬಿಡುವ, ಎತ್ತಿಡಬಹುದಾದ ಚಪ್ಪಡಿ ಹಾಕಿಸುವುದು, ಇಳಿಜಾರು ಪರಿಶೀಲಿಸುವುದು.

ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಿಕೆ.

ಇಂತಿ, ಬೀದಿಯ ನಿವಾಸಿಗಳು (ಹೆಸರು, ಮನೆ ಸಂಖ್ಯೆ, ಸಹಿ)

ಪ್ರತಿ: ವಾರ್ಡ್ ಸದಸ್ಯರು, ತಾಲ್ಲೂಕು ಆರೋಗ್ಯಾಧಿಕಾರಿಗಳು

ಅರ್ಜಿಯ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಎರಡು ಶಾಖೆಗಳ ಕೆಲಸವನ್ನು ಬೇರೆ ಬೇರೆಯಾಗಿ ಬರೆದಿರುವುದರಿಂದ ‘ಇದು ನಮಗೆ ಬರುವುದಿಲ್ಲ’ ಎಂದು ಕಡತ ಅತ್ತಿತ್ತ ತಿರುಗುವುದು ತಪ್ಪುತ್ತದೆ.

ಅಳತೆ ಬರೆದದ್ದರ ಉಪಯೋಗ ಕೆಲಸ ಶುರುವಾದ ಮೇಲೂ ಇದೆ. 120 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಎಂದರೆ ಸುಮಾರು 16 ಘನ ಮೀಟರ್ ಹೂಳು. ಒಂದು ಟ್ರ್ಯಾಕ್ಟರ್ ಟ್ರೈಲರ್ ಸುಮಾರು 3 ಘನ ಮೀಟರ್ ಹಿಡಿಯುತ್ತದೆ ಎಂದುಕೊಂಡರೂ ಐದಾರು ಲೋಡ್ ಹೋಗಬೇಕು. ಒಂದೇ ಲೋಡ್ ಹೋಗಿ ‘ಕೆಲಸ ಮುಗಿದಿದೆ’ ಎಂಬ ಉತ್ತರ ಬಂದರೆ, ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಆ ಕಾಮಗಾರಿಯ ಬಿಲ್ಲು ಮತ್ತು ಅಳತೆ ಪುಸ್ತಕದ ಪುಟದ ನಕಲು ಕೇಳಿ. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಅದರಲ್ಲಿರುವ ಹೂಳಿನ ಲೆಕ್ಕವನ್ನು ನಿಮ್ಮ ಕೋಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ಅರ್ಜಿಯಲ್ಲಿ ಏನು ಬರೆಯಬೇಕೆಂದು ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.