ಚಿನ್ನದ ವಾಯಿದೆ ವ್ಯಾಪಾರ: ಮೊದಲು ಸ್ಟಾಪ್ ಲಾಸ್, ಆಮೇಲೆ ಪ್ರಮಾಣ

ಜವೇರಿ ಬಜಾರಿನಲ್ಲಿ ಚಿನ್ನ ಕೊಳ್ಳುವವರು ಕೈಯಲ್ಲಿರುವ ಹಣಕ್ಕೆ ಎಷ್ಟು ಗ್ರಾಂ ಬರುತ್ತದೆಂದು ಲೆಕ್ಕ ಹಾಕುತ್ತಾರೆ. ವಾಯಿದೆ ಪೇಟೆಗೆ ಹೊಸದಾಗಿ ಬಂದವರೂ ಇದೇ ರೂಢಿಯಲ್ಲಿ ಲೆಕ್ಕ ಆರಂಭಿಸುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಯೇ. ವಾಯಿದೆಯಲ್ಲಿ ಪೂರ್ಣ ಬೆಲೆ ತೆರಬೇಕಾಗಿಲ್ಲ, ಅದರ ಒಂದು ಅಂಶವನ್ನು ಮಾರ್ಜಿನ್ ಆಗಿ ಇಟ್ಟರೆ ಸಾಕು. ಆದರೆ ಲಾಭ ನಷ್ಟಗಳು ಪೂರ್ಣ ಬೆಲೆಯ ಮೇಲೆಯೇ ಬೀಳುತ್ತವೆ. ಆದ್ದರಿಂದ ಮಾರ್ಜಿನ್ ಎಷ್ಟನ್ನು ಕೊಳ್ಳಲು ಬಿಡುತ್ತದೆ ಎಂಬುದು ನಮ್ಮ ಪ್ರಶ್ನೆಯಾಗಬಾರದು. ಈ ಎಣಿಕೆ ತಪ್ಪಿದರೆ ನಾವು ಎಷ್ಟು ಕಳೆದುಕೊಳ್ಳಲು ಸಿದ್ಧ ಎಂಬುದೇ ಪ್ರಶ್ನೆ.

ಒಂದು ಉದಾಹರಣೆ ನೋಡೋಣ. ಬಂಡವಾಳ 2,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ವ್ಯವಹಾರದಲ್ಲಿ ಅದರ ಶೇ. 1ಕ್ಕಿಂತ, ಅಂದರೆ 2,000 ರೂಪಾಯಿಗಿಂತ, ಹೆಚ್ಚು ಕಳೆದುಕೊಳ್ಳುವುದಿಲ್ಲವೆಂದು ನಿರ್ಧರಿಸಿದ್ದೇವೆ. ಲೆಕ್ಕದ ಅನುಕೂಲಕ್ಕಾಗಿ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎನ್ನೋಣ. ಕಳೆದ ಕೆಲವು ದಿನಗಳಲ್ಲಿ ದರ ಇಳಿದಾಗಲೆಲ್ಲ 9,900ರ ಹತ್ತಿರ ನಿಂತು ಮೇಲೇರಿದೆ, ಈ ಸಲವೂ ಏರೀತೆಂದು ಕೊಳ್ಳುತ್ತಿದ್ದೇವೆ. ಹಾಗಾದರೆ ದರ 9,900ನ್ನು ಸ್ಪಷ್ಟವಾಗಿ ಮುರಿದು ಕೆಳಗಿಳಿದರೆ ನಾವು ಕೊಂಡ ಕಾರಣವೇ ಇಲ್ಲವಾಗುತ್ತದೆ. ಸ್ಟಾಪ್ ಲಾಸ್ ಇರಬೇಕಾದ ಜಾಗ ಅದರ ತುಸು ಕೆಳಗೆ, 9,880ರಲ್ಲಿ. ಕೊಂಡ ದರದಿಂದ ಅಲ್ಲಿಗೆ ಅಂತರ ಗ್ರಾಂಗೆ 120 ರೂಪಾಯಿ.

ಈಗ 2,000ವನ್ನು 120ರಿಂದ ಭಾಗಿಸಿದರೆ 16 ಗ್ರಾಂ ಮತ್ತು ಸ್ವಲ್ಪ ಉಳಿಕೆ ಬರುತ್ತದೆ. ದಲಾಲಿ, ತೆರಿಗೆಗಳಿಗೆ ಎಡೆಯಿಟ್ಟು 15 ಗ್ರಾಂ ಎಂದು ನಿಲ್ಲಿಸುವುದು ಮೇಲು. ಸ್ಟಾಪ್ ಲಾಸ್ ತಗಲಿದರೆ ನಷ್ಟ 1,800, ಖರ್ಚಿಗೆ 200 ಉಳಿಯಿತು. ಮುಂಬಯಿಯ ಎಂಸಿಎಕ್ಸ್ ವಿನಿಮಯ ಕೇಂದ್ರದಲ್ಲಿ ಒಂದು ಗ್ರಾಂನ 'ಗೋಲ್ಡ್ ಪೆಟಲ್' ಎಂಬ ಒಪ್ಪಂದವಿದೆ, ಅದರಲ್ಲಿ 15 ಲಾಟ್ ಕೊಂಡರಾಯಿತು. ಅಲ್ಲಿಯೇ 100 ಗ್ರಾಂನ 'ಗೋಲ್ಡ್ ಮಿನಿ'ಯೂ ಇದೆ. ಹೆಸರು ಮಿನಿಯಾದರೂ ನಮ್ಮ ಉದಾಹರಣೆಯ ದರದಲ್ಲಿ ಅದರ ಮೌಲ್ಯ 10 ಲಕ್ಷ! ಅದೇ 120 ರೂಪಾಯಿ ಅಂತರಕ್ಕೆ ಅದರಲ್ಲಿ ನಷ್ಟ 12,000, ನಾವು ಹಾಕಿಕೊಂಡ ಮಿತಿಯ ಆರು ಪಟ್ಟು. ಪೆಟಲ್‌ನ ದರ ಗ್ರಾಂ ಲೆಕ್ಕದಲ್ಲಿಯೂ ಮಿನಿಯ ದರ 10 ಗ್ರಾಂ ಲೆಕ್ಕದಲ್ಲಿಯೂ ಪರದೆಯ ಮೇಲೆ ಬರುತ್ತದೆಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು.

ಇಲ್ಲಿ ಅನೇಕರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಮಿನಿಯನ್ನೇ ಕೊಂಡು, ನಷ್ಟ 2,000ಕ್ಕೆ ನಿಲ್ಲಲೆಂದು ಸ್ಟಾಪ್ ಲಾಸನ್ನು ಗ್ರಾಂಗೆ ಕೇವಲ 20 ರೂಪಾಯಿ ಕೆಳಗೆ ತರುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ಅದು ಶೇ. 0.2ರ ಅಂತರ, ಚಿನ್ನ ಅಷ್ಟನ್ನು ಯಾವ ಸುದ್ದಿಯೂ ಇಲ್ಲದೆ ಹೊಯ್ದಾಡುತ್ತದೆ. ಸ್ಟಾಪ್ ಲಾಸ್ ತಗಲಿ ನಾವು ಹೊರಬಿದ್ದ ಬಳಿಕ ದರ ನಮ್ಮ ಊಹೆಯಂತೆಯೇ ಏರುವುದು ಪದೇ ಪದೇ ಕಂಡುಬಂದರೆ, ರೋಗ ಇದೇ ಎಂದು ತಿಳಿಯಬೇಕು. ಸ್ಟಾಪ್ ಲಾಸಿನ ಜಾಗವನ್ನು ಪೇಟೆಯ ನಡೆ ನಿರ್ಧರಿಸಲಿ, ಪ್ರಮಾಣವು ಅದಕ್ಕೆ ಹೊಂದಿಕೊಳ್ಳಲಿ. ಒಂದು ಗ್ರಾಂಗೂ ಲೆಕ್ಕ ಹೊಂದದಿದ್ದರೆ ಆ ವ್ಯವಹಾರವನ್ನು ಬಿಡುವುದೇ ಸರಿ.

ಸ್ಟಾಪ್ ಲಾಸ್ ಹಾಕಿದರೆ ಅದೇ ದರಕ್ಕೆ ಮಾರಾಟವಾಗಿಯೇ ತೀರುತ್ತದೆಂಬ ನಂಬಿಕೆಯೂ ಸಲ್ಲದು. ಮಿತಿದರದ ಸ್ಟಾಪ್ ಲಾಸಿನಲ್ಲಿ ಎರಡು ದರಗಳಿರುತ್ತವೆ. 9,880 ಮುಟ್ಟಿದಾಗ ಆದೇಶ ಎಚ್ಚರಗೊಳ್ಳುತ್ತದೆ, 9,870ಕ್ಕಿಂತ ಕಡಿಮೆಗೆ ಮಾರಬಾರದೆಂಬುದು ಮಿತಿ. ದರ ಒಮ್ಮೆಲೇ 9,850ಕ್ಕೆ ಜಿಗಿದರೆ ಆದೇಶ ಎಚ್ಚರಗೊಂಡರೂ ಮಾರಾಟವಾಗದೆ ಉಳಿಯುತ್ತದೆ, ನಷ್ಟ ಬೆಳೆಯುತ್ತಲೇ ಹೋಗುತ್ತದೆ. ಎರಡು ದರಗಳ ನಡುವೆ ಧಾರಾಳವಾದ ಎಡೆಯಿಡುವುದು ಇದಕ್ಕಾಗಿಯೇ. ಸಾಮಾನ್ಯ ಸ್ಟಾಪ್ ಲಾಸ್ ಆದೇಶದ ಆಯುಸ್ಸು ಆ ದಿನದ ಮಟ್ಟಿಗೆ ಮಾತ್ರ, ಮರುದಿನ ಬೆಳಿಗ್ಗೆ ಮತ್ತೆ ಹಾಕಬೇಕು. ಇಲ್ಲಿ ಪೇಟೆ ಮುಚ್ಚಿದ ಮೇಲೂ ನ್ಯೂಯಾರ್ಕಿನಲ್ಲಿ ವ್ಯಾಪಾರ ನಡೆದಿರುತ್ತದೆ, ಆದ್ದರಿಂದ ಬೆಳಗಿನ ಮೊದಲ ದರವೇ ನಮ್ಮ ಸ್ಟಾಪ್ ಲಾಸಿಗಿಂತ ಕೆಳಗಿರಬಹುದು.

2024ರ ಜುಲೈ 23ರಂದು ಕೇಂದ್ರ ಮುಂಗಡಪತ್ರದಲ್ಲಿ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಲಾಯಿತು. ಅಂದು ನಮ್ಮ ದೇಶದ ದರ ಒಂದೇ ದಿನದಲ್ಲಿ 10 ಗ್ರಾಂಗೆ ಸಾವಿರಾರು ರೂಪಾಯಿ ಕುಸಿಯಿತು. ಹೊರದೇಶದ ದರವನ್ನಷ್ಟೇ ನೋಡುತ್ತಿದ್ದವರಿಗೆ ಯಾವ ಮುನ್ಸೂಚನೆಯೂ ಇರಲಿಲ್ಲ. ನಮ್ಮ ಉದಾಹರಣೆಯಲ್ಲಿ ದರ ಸ್ಟಾಪ್ ಲಾಸನ್ನು ದಾಟಿ ಶೇ. 5ರಷ್ಟು ಕುಸಿದರೆ ಗ್ರಾಂಗೆ 500 ರೂಪಾಯಿ ಹೋಗುತ್ತದೆ. 15 ಗ್ರಾಂ ಹಿಡಿದವರು 7,500 ಕಳೆದುಕೊಳ್ಳುತ್ತಾರೆ. ಅದು ಮಿತಿ ಮೀರಿದ ನಷ್ಟವಾದರೂ ಬಂಡವಾಳ ಉಳಿಯುತ್ತದೆ. ಮಿನಿ ಹಿಡಿದವರ 2 ಲಕ್ಷದಲ್ಲಿ 50,000 ಕರಗಿಹೋಗುತ್ತದೆ. ಮುಂಗಡಪತ್ರದಂತಹ ದಿನಗಳ ಮುನ್ನ ವ್ಯವಹಾರವನ್ನು ಮುಗಿಸಿಕೊಳ್ಳುವುದು, ಇಲ್ಲವೇ 15 ಗ್ರಾಂ ಇರುವಲ್ಲಿ 5 ಗ್ರಾಂಗೆ ಇಳಿಸುವುದು ನಮ್ಮ ಸಲಹೆ.